ಮಿಕ್ಸಿಗೆ ಬಿದ್ದ ನೀಲಿ ಪುಸ್ತಕ

ಭಾನುವಾರ, ಏಪ್ರಿಲ್ ೬
ಊಟವಾದ ಮೇಲೆ, ಅಜ್ಜಿ ಮಲಗಿರುವಾಗ

ನನ್ನ ಮುದ್ದು ಪಟಾಕಿಗೆ ಗೋಂದಜ್ಜನ ಸಾವಿರ ಆಶೀರ್ವಾದ.

ನಿನ್ನ ಕಾಗದ ಓದಿ ಹೊಟ್ಟೆ ಉರಿದುಹೋಯಿತು. ಎರಡು ತಿಂಗಳ ರಜೆ ಇಟ್ಟುಕೊಂಡು ಮಗುವನ್ನು ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಕಳಿಸುತ್ತಾರಂತೆ! ಹನ್ನೊಂದು ವರ್ಷಕ್ಕೇ ನಿನ್ನ ವ್ಯಕ್ತಿತ್ವ ಇಡೀ ಬೀದಿಗೆ ಕೇಳಿಸುತ್ತದೆ, ಇನ್ನೂ ವಿಕಸನವಾದರೆ ಅಕ್ಕಪಕ್ಕದವರು ಮನೆ ಖಾಲಿ ಮಾಡಬೇಕಾದೀತು. ಆದರೆ ನಿಮ್ಮಮ್ಮ ನನ್ನ ಮಗಳು, ಅವಳ ಹಟ ನನಗೆ ಗೊತ್ತು. ಶುಕ್ರವಾರದೊಳಗೆ ರಜೆಗೆ ಏನು ಮಾಡುತ್ತೀಯೆಂದು ಬರೆದು ತೋರಿಸು, ಇಲ್ಲವಾದರೆ ಶಿಬಿರ ಅಂದಿದ್ದಾಳಲ್ಲ, ಹಾಗೇ ಮಾಡುತ್ತಾಳೆ. ಅದಕ್ಕೇ ನಿನಗೆ ಮೂರು ಕೆಲಸ ಹುಡುಕಿದ್ದೇನೆ. ಮೂರನ್ನೂ ನಾನೇ ಮಾಡಿ ನೋಡಿದ್ದೇನೆ. ಅಕ್ಷರ ಡೊಂಕಾಗಿದ್ದರೆ ನಗಬೇಡ, ಅದಕ್ಕೂ ಕಾರಣವಿದೆ.

ಮೊದಲನೆಯದು ಚಿತ್ರದ ಡಬ್ಬ. ಒಂದರೊಳಗೆ ಒಂದು ಜಾರುವಂಥ ಎರಡು ಚಪ್ಪಲಿ ಡಬ್ಬಗಳು ಬೇಕು, ಮತ್ತು ಓದುವ ಕನ್ನಡಕದ ಒಂದು ಗಾಜು. ಮೊದಲು ಗಾಜನ್ನು ಕಿಟಕಿಯ ಎದುರಿನ ಗೋಡೆಯ ಹತ್ತಿರ ಹಿಡಿದು ಹಿಂದೆ ಮುಂದೆ ಸರಿಸು. ಒಂದು ಕಡೆ ಬಂದಾಗ ಗೋಡೆಯ ಮೇಲೆ ಕಿಟಕಿ, ಹೊರಗಿನ ಮರ, ಎಲ್ಲ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡುತ್ತದೆ. ಆಗ ಗಾಜಿಗೂ ಗೋಡೆಗೂ ಎಷ್ಟು ದೂರ ಅಂತ ಅಳೆದುಕೋ. ನನ್ನದಕ್ಕೆ ಹದಿನಾರು ಅಂಗುಲ ಬಂತು. ದೊಡ್ಡ ಡಬ್ಬದ ಒಂದು ತುದಿಗೆ ತೂತು ಕೊರೆದು ಗಾಜು ಅಂಟಿಸು, ಇನ್ನೊಂದು ತುದಿ ಕತ್ತರಿಸಿ ತೆಗೆ. ಚಿಕ್ಕ ಡಬ್ಬದ ಎರಡೂ ತುದಿ ಕತ್ತರಿಸಿ, ಹೊರಗಿನ ತುದಿಗೆ ಬೆಣ್ಣೆಕಾಗದ ಬಿಗಿಯಾಗಿ ಅಂಟಿಸಿ, ಅದನ್ನು ದೊಡ್ಡದರೊಳಗೆ ತೂರಿಸು. ಗಾಜಿಗೂ ಕಾಗದಕ್ಕೂ ಅದೇ ಹದಿನಾರು ಅಂಗುಲ ಆಗುವ ಹಾಗೆ ಎಳೆದು, ತಲೆ ಮೇಲೆ ದುಪ್ಪಟಿ ಹೊದ್ದು ನೋಡಿದರೆ ಇಡೀ ಬೀದಿ ಬೆಣ್ಣೆಕಾಗದದ ಮೇಲೆ ಕಾಲು ಮೇಲೆ ಮಾಡಿಕೊಂಡು ಓಡಾಡುತ್ತಿರುತ್ತದೆ. ಪೆನ್ಸಿಲ್ ಹಿಡಿದು ಅದರ ಮೇಲೇ ಗೀಚಿದರೆ ಚಿತ್ರ ಸಿದ್ಧ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡ, ಡಬ್ಬಕ್ಕೂ ಕೇಡು, ಕಣ್ಣಿಗೂ ಕೇಡು.

ನಾನು ಹೀಗೆ ದುಪ್ಪಟಿಯೊಳಗೆ ಕೂತಿದ್ದಾಗ ಅಜ್ಜಿ ಬಂದು, “ಏನ್ರೀ, ಒಳಗೆ ಯಾರಿಗೆ ಹೆರಿಗೆ ಮಾಡಿಸ್ತಿದ್ದೀರಾ?” ಅಂದಳು. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳಿಗೆ ಬೇರೆ ಏನು ಹೊಳೆದೀತು ಹೇಳು.

ಎರಡನೆಯದು ಕಾಗದ ಮಾಡುವುದು. ಹಳೆಯ ಕಾಗದವನ್ನು ಹೆಬ್ಬೆರಳ ಉಗುರಿನಷ್ಟು ಚೂರು ಮಾಡಿ ಒಂದು ದಿನ ನೀರಲ್ಲಿ ನೆನೆಹಾಕು. ಒಂದು ಹಿಡಿ ಚೂರಿಗೆ ಮುಕ್ಕಾಲು ಜಾರು ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸು. ನೀರು ಕಡಿಮೆಯಾದರೆ ಮಿಕ್ಸಿ ಮೊದಲು ಗೊಣಗುತ್ತದೆ, ಆಮೇಲೆ ಹೊಗೆ ಬಿಡುತ್ತದೆ. ಆ ಗಂಜಿಯನ್ನು ದೊಡ್ಡ ಟಬ್ಬಿನ ನೀರಿಗೆ ಸುರಿದು ಕಲಕು. ಒಂದೇ ಅಳತೆಯ ಎರಡು ಮರದ ಚೌಕಟ್ಟು ಬೇಕು: ಒಂದಕ್ಕೆ ಸೊಳ್ಳೆಪರದೆಯ ಬಲೆ ಬಿಗಿದಿರಬೇಕು, ಇನ್ನೊಂದು ಬರಿದು. ಬರಿದನ್ನು ಬಲೆಯ ಮೇಲೆ ಕೂರಿಸಿ, ಎರಡನ್ನೂ ಓರೆಯಾಗಿ ಮುಳುಗಿಸಿ, ಮಟ್ಟವಾಗಿ ಮೇಲೆತ್ತಿ, ನೀರು ಇಳಿಯುವಾಗ ಮೆಲ್ಲಗೆ ಅತ್ತಿತ್ತ ಅಲುಗಿಸು. ಮೇಲಿನ ಚೌಕಟ್ಟು ತೆಗೆದು, ಒದ್ದೆ ಬಟ್ಟೆಯ ಮೇಲೆ ಬಲೆಯನ್ನು ಮಗುಚಿ, ಹಿಂದಿನಿಂದ ಸ್ಪಂಜಿನಲ್ಲಿ ಒತ್ತಿ ನೀರು ಹೀರಿಸಿ ಎತ್ತಿದರೆ ಹಾಳೆ ಬಟ್ಟೆಗೆ ಅಂಟಿಕೊಳ್ಳುತ್ತದೆ. ಭಾರ ಹೇರಿಟ್ಟು, ಆಮೇಲೆ ಕಿಟಕಿಯ ಗಾಜಿಗೆ ಅಂಟಿಸಿ ಒಣಗಿಸು. ಒಣಗಿದಾಗ ತಾನೇ ಕಳಚಿ ಬರುತ್ತದೆ. ಮೊದಲ ನಾಲ್ಕು ಹಾಳೆ ಹರಿದ ಹಪ್ಪಳದ ಹಾಗಿರುತ್ತವೆ, ಎದೆಗುಂದಬೇಡ.

ಇಲ್ಲಿಯವರೆಗೆ ಅಮ್ಮನಿಗೆ ತೋರಿಸು. ಮುಂದಿನ ಹಾಳೆ ನಿನಗೆ ಮಾತ್ರ. ಮಡಚಿ ಜೇಬಿಗಿಟ್ಟುಕೋ.

ಪಟಾಕಿ, ನಾನು ಕೆಟ್ಟೆ ಕಣೇ.

ಚಿತ್ರದ ಡಬ್ಬಕ್ಕೆ ಗಾಜು ಎಲ್ಲಿಂದ ಬಂತು ಅಂದುಕೊಂಡೆ? ನನ್ನ ಕನ್ನಡಕದ್ದೇ. ಒಂದು ಗಾಜು ತೆಗೆಯಲು ಹೋಗಿ ಚೌಕಟ್ಟು ಮುರಿದು ಎರಡೂ ಕೈಗೆ ಬಂದವು. ಒಂದನ್ನು ಡಬ್ಬಕ್ಕೆ ಅಂಟಿಸಿದೆ. ನಾನು ಅಂಟಿಸಿದ್ದು ಈ ಜನ್ಮದಲ್ಲಿ ಬಿಡುವುದಿಲ್ಲ ಅಂತ ನಿನಗೆ ಗೊತ್ತಲ್ಲ, ಅದು ಬಿಡಲಿಲ್ಲ. ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ಒಂದೊಂದೇ ಸಾಲು ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕನ್ನಡಕದ ಅಂಗಡಿಯವನು ಹೊಸದಕ್ಕೆ ಇನ್ನೂ ಎರಡು ವಾರ ಅನ್ನುತ್ತಾನೆ.

ಕಾಗದ ಮಾಡುವ ದಿನ ಎರಡೂ ಕೈ ಒದ್ದೆ, ಗಾಜು ಹಿಡಿಯುವುದು ಹೇಗೆ? ಅಜ್ಜಿ ತನ್ನ ಹಳೆಯ ಆಸ್ಪತ್ರೆಯವರನ್ನು ನೋಡಿಬರಲು ಹೋಗಿದ್ದಳು, ಅವಳ ಮಿಕ್ಸಿ ಸಿಗುವುದು ಆಗ ಮಾತ್ರ. ಹಿಂದಿನ ದಿನವೇ ಅಟ್ಟದ ಮೇಲಿನ ರದ್ದಿ ಕಟ್ಟು ಇಳಿಸಿ, ಕಣ್ಣಿಗೆ ಎಲ್ಲ ಮಂಜು ಮಂಜು, ಆದರೂ ರಟ್ಟು ಕಿತ್ತೆಸೆದು ಒಳಗಿನದನ್ನೆಲ್ಲ ಹರಿದು ನೆನೆಹಾಕಿದ್ದೆ. ಹನ್ನೊಂದು ಹಾಳೆ ಬಂದವು. ಮೀಸೆ ತಿರುವಿಕೊಂಡು ಕಿಟಕಿಗೆಲ್ಲ ಅಂಟಿಸಿದೆ. ಮರುದಿನ ಒಂದು ಹಾಳೆಯಲ್ಲಿ ಏನೋ ಚುಕ್ಕೆ ಕಂಡಿತೆಂದು ಗಾಜು ಹಿಡಿದು ನೋಡಿದರೆ, ಕೆಂಪು-ಬಿಳಿ ದಾರದ ತುಂಡು. ಎದ್ದು ಟ್ರಂಕಿನ ಹತ್ತಿರ ಓಡಿದೆ.

ಪುಸ್ತಕದ ಬೆನ್ನಿನ ತುದಿಗೆ ಕೆಂಪು-ಬಿಳಿ ದಾರ ಸುತ್ತಿ ಹೊಲಿದದ್ದು ನನ್ನ ಜೀವಮಾನದಲ್ಲಿ ಎರಡೇ ಪುಸ್ತಕಕ್ಕೆ. ನೀಲಿ ಬಟ್ಟೆಯ ರಟ್ಟು, ಎರಡೂ ಒಂದೇ ಅಳತೆ. ಒಂದು ನನಗೆ. ಪತ್ರಿಕೆಯ ಸಂಪಾದಕರಿಗೆ ನಾನು ಬರೆದ ಇನ್ನೂರ ಹದಿನಾಲ್ಕು ಪತ್ರಗಳ ನಕಲು ಅದರಲ್ಲಿದೆ: ಬಾಯ್ತೆರೆದ ಚರಂಡಿ, ಹಗಲು ಉರಿಯುವ ಬೀದಿದೀಪ, ಬಸ್ ನಿಲ್ದಾಣದ ಇಪ್ಪತ್ತು ನಿಮಿಷ ಸೋಮಾರಿ ಗಡಿಯಾರ. ಅಚ್ಚಾದದ್ದು ಮೂರು. ಇನ್ನೊಂದು ಅಜ್ಜಿಗೆ. ಅವಳ ಕೈಯಲ್ಲಿ ಹುಟ್ಟಿದ ಪ್ರತಿ ಮಗುವಿನ ದಿನ, ಹೊತ್ತು, ತೂಕ, ಮೊದಲು ಅತ್ತದ್ದು ಮಗುವೋ ಅಪ್ಪನೋ, ಎಲ್ಲ ಬರೆದಿಟ್ಟಿದ್ದಾಳೆ. ಸಾವಿರದ ನೂರ ಹನ್ನೆರಡು ಮಕ್ಕಳು. ಕೊನೆಯದು ನೀನು.

ನನ್ನ ಪುಸ್ತಕ ನನ್ನ ಟ್ರಂಕಿನಲ್ಲಿ ಭದ್ರವಾಗಿದೆ. ಕೈ ಹಾಕಿ ತಡವಿ ನೋಡಿದೆ, ಅದೇ ಬಟ್ಟೆ, ಅದೇ ಬೆನ್ನು. ನಲವತ್ತು ವರ್ಷ ಪುಸ್ತಕ ಕಟ್ಟಿದವನ ಬೆರಳಿಗೆ ಕನ್ನಡಕ ಬೇಕಿಲ್ಲ. ಹಾಗಾದರೆ ಮಿಕ್ಸಿಗೆ ಹೋದದ್ದು ಅಜ್ಜಿಯದು. ಸಾವಿರದ ನೂರ ಹನ್ನೆರಡು ಮಕ್ಕಳನ್ನು ಮುಕ್ಕಾಲು ಜಾರು ನೀರು ಹಾಕಿ ರುಬ್ಬಿಬಿಟ್ಟೆನಲ್ಲೇ! ಅದೂ ಜೂನ್ ಒಂದಕ್ಕೆ ಆಸ್ಪತ್ರೆಯವರು ಅವಳಿಗೆ ಸನ್ಮಾನ ಮಾಡುತ್ತಾರೆ, ಅವಳು ಆ ಪುಸ್ತಕದಿಂದಲೇ ನಾಲ್ಕು ಪುಟ ಓದಬೇಕು. ಮುಖ ಎಲ್ಲಿಟ್ಟುಕೊಳ್ಳಲಿ? ಹೇಳಿಬಿಡೋಣ ಅಂತ ಎರಡು ಸಲ ಅಡುಗೆಮನೆ ಬಾಗಿಲವರೆಗೆ ಹೋದೆ. ಎರಡು ಸಲವೂ ಕಾಫಿ ಕೇಳಿ ವಾಪಸ್ ಬಂದೆ.

ಅದಕ್ಕೇ ಮೂರನೆಯ ಕೆಲಸ: ಪುಸ್ತಕ ಕಟ್ಟುವುದು. ಇದಕ್ಕೆ ನೀನು ಇಲ್ಲಿಗೇ ಬರಬೇಕು. ನಾನು ಎಂಟು ದಿನದಿಂದ ಅಜ್ಜಿಯ ಪಕ್ಕ ಕೂತು, ಏನೂ ಗೊತ್ತಿಲ್ಲದವನ ಹಾಗೆ, “ಅವಳಿ ಮಕ್ಕಳ ಕಥೆ ಹೇಗೆ ಶುರುವಾಯ್ತು?” ಅಂತ ಕೇಳಿ, ಸ್ನಾನದ ಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಅರವತ್ತೇಳು ಮಕ್ಕಳು. ನನಗೆ ಹೊಟ್ಟೆ ಸರಿಯಿಲ್ಲವೇನೋ ಅಂತ ಅವಳಿಗೆ ಅನುಮಾನ ಬಂದಿದೆ. ನೀನು ಬಂದರೆ ಎದುರಿಗೇ ಕೂತು ಬರೆದುಕೊಳ್ಳಬಹುದು, ರಜೆಯ ಕೆಲಸ ಅಂದರೆ ಮುಗಿಯಿತು.

ಕಟ್ಟುವುದು ನಾನು ಕಲಿಸುತ್ತೇನೆ. ಮೊದಲು ಕಾಗದವನ್ನು ಎರಡೂ ದಿಕ್ಕಿಗೆ ಬಾಗಿಸಿ ನೋಡಬೇಕು, ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯೇ ಪುಸ್ತಕದ ಬೆನ್ನಿಗೆ ಬರಬೇಕು. ಇಲ್ಲವಾದರೆ ಪುಟ ಸೆಟೆದುಕೊಂಡು ನಿಲ್ಲುತ್ತದೆ. ನಾಲ್ಕು ನಾಲ್ಕು ಹಾಳೆ ಮಡಚಿ ಒಂದು ಕಂತೆ, ಪ್ರತಿ ಕಂತೆಯ ಮಡಿಕೆಗೆ ದಬ್ಬಣದಿಂದ ಐದು ತೂತು, ಮೇಣ ಸವರಿದ ದಾರದಲ್ಲಿ ಒಂದು ಕಂತೆಯನ್ನು ಹಿಂದಿನದರ ಹೊಲಿಗೆಗೆ ಕೊಂಡಿ ಹಾಕುತ್ತಾ ಹೋಗಬೇಕು. ಗೋಂದಿಗೆ ಒಂದು ಪಾಲು ಮೈದಾ, ಐದು ಪಾಲು ನೀರು, ಹುಳ ಬೀಳದಿರಲು ಚಿಟಿಕೆ ಪಟಿಕ. ಬಿಳಿ ಬಣ್ಣ ಹೋಗಿ ಹೊಳಪು ಬರುವವರೆಗೂ ಕೈ ಬಿಡದೆ ಕಾಯಿಸಬೇಕು. ಅರೆಬೆಂದ ಗೋಂದು ಅರೆಮನಸ್ಸಿನ ನೆಂಟ, ಯಾವಾಗ ಎದ್ದು ಹೋಗುತ್ತಾನೋ ಹೇಳಲಾಗದು.

ಬೇಗ ಬಾ. ಈ ಮುದುಕನ ಮಾನ ನಿನ್ನ ಕೈಯಲ್ಲಿದೆ. ಈಗ ಒಲೆಯ ಮೇಲೆ ಲಕೋಟೆಗೆ ಗೋಂದು ಇಟ್ಟಿದ್ದೇನೆ, ಅಜ್ಜಿ ಏಳುವ ಸದ್ದಾಗುತ್ತಿದೆ. ಸಂಜೆ ಅವಳೇ ಅಂಚೆ ಡಬ್ಬಕ್ಕೆ ಹಾಕಿ ಬರುತ್ತಾಳೆ, ಪಾಪ.

ನಿನ್ನನ್ನೇ ನಂಬಿರುವ
ಗೋಂದಜ್ಜ

ಬಿಟ್ಟುಹೋದ ಮಾತು: ಪಟಾಕೀ, ಇದು ಅಜ್ಜಿ. ಅಜ್ಜನ ಗೋಂದು ಬೆಂದಿರಲಿಲ್ಲ, ದಾರಿಯಲ್ಲೇ ಲಕೋಟೆ ಬಾಯಿ ಬಿಟ್ಟಿತು. ಬಿಚ್ಚಿದ್ದನ್ನು ಓದದೆ ಇರುವಷ್ಟು ಒಳ್ಳೆಯವಳು ನಾನಲ್ಲ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಓದಿ ನಕ್ಕೂ ನಕ್ಕೂ ಅತ್ತುಬಿಟ್ಟೆ.

ನನ್ನ ಮಕ್ಕಳಿಗೆ ಏನೂ ಆಗಿಲ್ಲ. ಫೆಬ್ರವರಿಯಲ್ಲಿ ಮನೆ ಗುಡಿಸುವಾಗ, ಹುಳ ತಿನ್ನದಿರಲಿ ಅಂತ ನನ್ನ ಪುಸ್ತಕವನ್ನು ಅವರ ಟ್ರಂಕಿಗೆ ಸೇರಿಸಿದ್ದೆ. ಜಾಗ ಸಾಲದೆ ಅವರದನ್ನು ತೆಗೆದು ಅಟ್ಟದ ರದ್ದಿ ಕಟ್ಟಿನ ಮೇಲೆ ಇಟ್ಟವಳು ನಾನೇ, ಆಮೇಲೆ ಮರೆತೇಬಿಟ್ಟೆ. ಬೆರಳಿಗೆ ಕನ್ನಡಕ ಬೇಡವಂತೆ! ರುಬ್ಬಿಹೋದದ್ದು ಅವರ ಇನ್ನೂರ ಹದಿನಾಲ್ಕು ಪತ್ರ. ಗೊತ್ತಾದರೆ ಹಾಸಿಗೆ ಹಿಡಿಯುತ್ತಾರೆ. ಹೊಸ ಕನ್ನಡಕ ಬರಲು ಎರಡು ವಾರವಿದೆ.

ಅದಕ್ಕೆ ನಾನೂ ನಿನಗೊಂದು ರಜೆಯ ಕೆಲಸ ಕೊಡುತ್ತೇನೆ. ಚರಂಡಿಯಿಂದ ಶುರುಮಾಡಿ ಗಡಿಯಾರದವರೆಗೆ ಅಷ್ಟೂ ಪತ್ರ ಅವರಿಗೆ ಬಾಯಿಪಾಠ, ಬಂದವರಿಗೆಲ್ಲ ಒಪ್ಪಿಸುತ್ತಾರೆ. ನೀನು ಕೇಳಿ ಬರೆದುಕೋ. ಟ್ರಂಕಿನ ವಿಷಯ ಈಗಲೇ ಹೇಳಬೇಡ. ಮದುವೆಯಾಗಿ ನಲವತ್ತಾರು ವರ್ಷದಲ್ಲಿ ಇವರು ನನ್ನ ವಾರ್ಡಿನ ಕಥೆ ಕೂತು ಕೇಳಿದ್ದು ಈ ಎಂಟು ದಿನ ಮಾತ್ರ. ಇನ್ನೂ ಸಾವಿರದ ನಲವತ್ತೈದು ಮಕ್ಕಳು ಬಾಕಿ ಇದ್ದಾರೆ.

ನಿಮ್ಮಮ್ಮನಿಗೆ ನಾನು ಫೋನ್ ಮಾಡುತ್ತೇನೆ. ಬರುವಾಗ ಎರಡು ಪೆನ್ನು ತಾ.