ಬಿಳಿ ಬಣ್ಣದಡಿಯ ಗದ್ದ

ಕಾಂತಪ್ಪಣ್ಣ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಇಂದು ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ನಿಮ್ಮ ವ್ಯಂಗ್ಯಚಿತ್ರಗಳ ಪ್ರದರ್ಶನಕ್ಕೆ ಮೂಲಪ್ರತಿಗಳನ್ನು ತೆಗೆದೆ. ಅವುಗಳಲ್ಲಿ ನಮ್ಮ ವಾರ್ಡಿನ ಕಾರ್ಪೊರೇಟರನ ಆ ಚಿತ್ರವೂ ಇತ್ತು.

"ಒಂದನ್ನೇ ಹಿಗ್ಗಿಸ್ಬೇಕು ಮಾರಾಯ, ಉಳಿದದ್ದು ಇದ್ದ ಹಾಗೇ ಇರ್ಬೇಕು, ಆಗ್ಲೇ ಗುರ್ತು ಸಿಗುದು" ಎನ್ನುತ್ತಿದ್ದಿರಿ. ಆ ಚಿತ್ರದಲ್ಲಿ ನೀವು ಹಿಗ್ಗಿಸಿದ ಅವನ ಗದ್ದ ಕುರ್ಚಿ ದಾಟಿ ಇಡೀ ವಾರ್ಡಿನ ಮೇಲೆ ಚಾಚಿತ್ತು. ಪತ್ರಿಕೆಯ ಸಂಪಾದಕನಾದ ನಾನು ಅವನಿಗೆ ಹೆದರಿ, ನಿಮಗೆ ಹೇಳದೆ, ಬಿಳಿ ಬಣ್ಣ ಬಳಿದು ಅದನ್ನು ಮೊಟಕು ಮಾಡಿ ಅಚ್ಚಿಗೆ ಕಳಿಸಿದ್ದೆ. ಅಚ್ಚಾದ ಮುಖ ಯಾರದ್ದೂ ಆಗಿರಲಿಲ್ಲ. ಮತ್ತೆ ನೀವು ಚಿತ್ರ ಕೊಡಲಿಲ್ಲ.

ಇಂದು ಕವರಿನಿಂದ ತೆಗೆಯುವಾಗ ಆ ಬಿಳಿ ಚಕ್ಕೆಚಕ್ಕೆಯಾಗಿ ಉದುರಿತು. ಕೆಳಗಿನ ಇಂಡಿಯನ್ ಇಂಕಿನ ಕಪ್ಪು ಗೆರೆ ಮಾಸಿರಲಿಲ್ಲ. ನಿಮ್ಮ ಮಗಳು ಯಕ್ಷಿತಾ, "ಅಂಕಲ್, ಇದು ಆ ಕಾರ್ಪೊರೇಟರ್ ಅಲ್ವಾ?" ಎಂದು ನಕ್ಕಳು. ನನ್ನ ಎದೆ ಹಗುರಾಯಿತು.

ಚಿತ್ರವನ್ನು ಬಾಗಿಲೆದುರಿಗೇ ತೂಗುಹಾಕಿದೆ. ಕೆಳಗೆ ಬರೆದೆ: ಚಿತ್ರ, ಕಾಂತಪ್ಪ. ಬಿಳಿ ಬಳಿದವನು, ವಿಠಲ.