ತೋಳಿರುವ ಅಂಗಿ

ಪುಟ್ಟಿಗೆ,

ಪಾರ್ಸೆಲ್‌ನಲ್ಲಿ ಅಂಗಿ ಇದೆ. ಹೆದರಬೇಡ, ಈ ಸಲ ತೋಳಿದೆ.

ನಿನ್ನ ಕೈಮೇಲಿನ ಸುಟ್ಟ ಕಲೆಯನ್ನು ನೀನು ಪ್ರೀತಿಸಲೇಬೇಕೆಂದು ನಾನು ಹಟ ಹಿಡಿದು, ತೋಳಿಲ್ಲದ ಅಂಗಿಗಳನ್ನೇ ಹೊಲಿದುಕೊಟ್ಟೆ. ದಿನಾ ನನ್ನ ಹೊಲಿಗೆ ಅಂಗಡಿಯ ಕನ್ನಡಿ ಮುಂದೆ ನಿಲ್ಲಿಸಿ "ನಾನು ಚೆಂದ" ಎಂದು ನಿನ್ನಿಂದ ಹೇಳಿಸಿದೆ.

"ಹಾಗನ್ನಿಸದಿದ್ರೆ ಅದೂ ನನ್ನ ತಪ್ಪಾ ಅಕ್ಕಾ? ಈ ಕೈ ಚೆಂದಾನೂ ಆಗೋದು ಬೇಡ, ಅಸಹ್ಯಾನೂ ಆಗೋದು ಬೇಡ. ಸೈಕಲ್ ಹಿಡಿಯುತ್ತಲ್ಲ, ಸಾಕು. ಒಂದಿನ ಅದರ ಯೋಚನೇನೇ ಇಲ್ದೆ ಇರ್ಬೇಕು" ಎಂದು ನೀನು ಹೇಳಿದಾಗ, ನಾನು ನಿನ್ನನ್ನು ಹೇಡಿ ಎಂದು ಬೈದೆ. ಮರುದಿನವೇ ನೀನು ಹಾಸ್ಟೆಲ್ ಸೇರಿದೆ.

ಕಲೆಗೆ ಉಜ್ಜದಂತೆ ತೋಳಿನ ಒಳಗೆ ಮೆತ್ತನೆ ಬಟ್ಟೆ ಇಟ್ಟು ಹೊಲಿದಿದ್ದೇನೆ. ಸೆಕೆಯಾದರೆ ತೋಳು ಮಡಚಿಕೋ. ಸೈಕಲ್ ಹೊಡೆಯುವಾಗ ಕಂಕುಳಲ್ಲಿ ಬಿಗಿಯುತ್ತದೆಯೇ, ಅಷ್ಟು ಮಾತ್ರ ಬರೆ.

ಹೇಗೆ ಕಾಣುತ್ತದೆ ಎಂದು ಇನ್ನು ಕೇಳುವುದಿಲ್ಲ.

ನಿನ್ನ
ದರ್ಜಿ ಅಕ್ಕ