ಕವರಿನ ಮೇಲಿಲ್ಲದ ಹೆಸರು

ನಾರ್ತ್ ಹಾಲಿವುಡ್, ಕ್ಯಾಲಿಫೋರ್ನಿಯಾ
ಆಗಸ್ಟ್ 22, 1966

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಈಗ ಹೇಗಿದೆ? ಹೊಸ ಹಲ್ಲಿನ ಸೆಟ್ಟು ಡಬ್ಬಿಯಲ್ಲೇ ಕೂತಿದೆಯೋ, ಬಾಯಿಗೂ ಬರುತ್ತಿದೆಯೋ? ಡಾಕ್ಟರು ಕೊಟ್ಟಿದ್ದನ್ನೆಲ್ಲ ಬೀರುವಿನಲ್ಲಿ ಜೋಪಾನ ಮಾಡುವುದು ನಿನ್ನ ಹಳೆಯ ಚಾಳಿ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಸೊಸೆ ಲೊರೇನ್ ನೀನು ಬರೆದಂತೆಯೇ ಒಣದ್ರಾಕ್ಷಿ ತುಂಬಿದ ಕೊಲಾಚೆ ಬನ್ನು ಮಾಡಲು ಹೋಗಿ ಹಿಟ್ಟು ಉಬ್ಬದೆ ಬಿಸ್ಕತ್ತಾಯಿತು. ನಾನು ಚೆನ್ನಾಗಿದೆ ಎಂದೇ ತಿಂದೆ. ನಿನ್ನ ಮೊಮ್ಮಗಳು ಜೋನಿಗೆ ಹದಿಮೂರು ತುಂಬಿತು. ಅವಳ ಕೋಣೆಯ ಗೋಡೆಯಲ್ಲಿ ಈಗ ಸುಣ್ಣ ಕಾಣುವುದಿಲ್ಲ, ಬರೀ ಉದ್ದ ಕೂದಲಿನ ಹುಡುಗರು.

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಮತ್ತೆ ಮೊದಲಿಂದ ಓದಿದೆ. ನೀನು ತಲೆನೋವಿನ ಮಾತ್ರೆಗೆ ಹ್ರೂಬಿಯ ಔಷಧಿ ಅಂಗಡಿಗೆ ಹೋಗಿದ್ದು, ಅಲ್ಲಿ ರೇಡಿಯೋದಲ್ಲಿ ಕಾಪರ್ ಕೈಟ್ಸ್ ಹುಡುಗರ ಹಾಡು ಶುರುವಾಗಿದ್ದು, ಮೊದಲ ನಾಲ್ಕು ಪೆಟ್ಟು ಕೇಳುತ್ತಲೇ "ಇದು ನಮ್ಮ ರೂಡಿ ಕೈ, ನಾನು ಹೆತ್ತ ಮಗನ ಕೈ" ಎಂದು ಸೋಡಾ ಕುಡಿಯುತ್ತಿದ್ದವರ ಮುಂದೆಲ್ಲ ಕೂಗಿದ್ದು, ಅದೆಲ್ಲ ಕಣ್ಣಿಗೆ ಕಟ್ಟಿತು. ಹ್ರೂಬಿ ಆ ರೆಕಾರ್ಡಿನ ಕವರು ತಂದು ನಿನ್ನ ಮೂಗಿನ ಕೆಳಗೆ ಹಿಡಿದು "ತೋರ್ಸಿ ಮಿಸೆಸ್ ಹಾವೆಲ್ಕಾ, ನಿಮ್ಮ ಮಗನ ಹೆಸರು ಎಲ್ಲಿದೆ? ಇಲ್ಲಿ ಐದು ಜನ ಹುಡುಗ್ರವ್ರೆ, ಒಬ್ಬನಿಗೂ ಬೋಳುತಲೆ ಇಲ್ವಲ್ಲ" ಎಂದನಂತೆ. ಚರ್ಚಿನ ಹೆಂಗಸರ ಸಂಘದಲ್ಲೂ ಈಗ ನಿನ್ನನ್ನು ಕಂಡರೆ ಮುಸಿಮುಸಿ ನಗುತ್ತಾರೆಂದು ಬರೆದಿದ್ದೀಯ. ಕೊನೆಗೆ ಕೇಳಿದ್ದೀಯ: "ನೀನು ನುಡಿಸಿದೀಯೋ ಇಲ್ವೋ? ನಾನು ಸುಳ್ಳುಗಾತಿಯೋ ಅಲ್ವೋ?"

ನೀನು ಸುಳ್ಳುಗಾತಿ ಅಲ್ಲ. ಅದನ್ನು ನುಡಿಸಿದ್ದು ನಾನೇ. ನಾನು ಹೇಳದೆಯೇ ನೀನು ಹೇಗೆ ಕಂಡುಹಿಡಿದೆ ಎಂದು ಲೊರೇನ್‌ಗೆ ಆಶ್ಚರ್ಯ. ನನಗಿಲ್ಲ. ಮದುವೆಮನೆಗಳಲ್ಲಿ ಮದುಮಗಳ ಕುಣಿತಕ್ಕೆ ಮೊದಲು, ಬಿಯರಿನ ಹತ್ತಿರ ಚದುರಿಹೋದವರನ್ನು ಮತ್ತೆ ಅಂಗಳಕ್ಕೆ ಕರೆಯಲು ಅಪ್ಪ ತನ್ನ ದೊಡ್ಡ ಟ್ಯೂಬಾ ಕಹಳೆಯಲ್ಲಿ ಮೆಟ್ಟಿಲಿಳಿದ ಹಾಗೆ ಊದುತ್ತಿದ್ದನಲ್ಲ, ಅದೇ ಅದು. ನಾನು ಅದನ್ನು ಬೇಸ್ ಗಿಟಾರಿನಲ್ಲಿ ಎರಡು ಪಟ್ಟು ವೇಗದಲ್ಲಿ ಇಳಿಸಿದ್ದೇನೆ, ಅಷ್ಟೇ.

ನಡೆದಿದ್ದು ಹೀಗೆ. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ರೆಕಾರ್ಡಿಂಗಿಗೆ ವಾದ್ಯದವರನ್ನು ಒದಗಿಸುವ ಗುತ್ತಿಗೆಯ ಹೆಂಗಸು ಫೋನ್ ಮಾಡಿ ಸ್ಟುಡಿಯೋದ ಹೆಸರು, ಹೊತ್ತು ಹೇಳಿದಳು. ಯಾರ ಹಾಡು ಎಂದು ಅವಳು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಹೋದರೆ ಎಂದಿನ ಮುಖಗಳೇ: ಡ್ರಮ್ಮಿನ ಹಿಂದೆ ಆರ್ಲೊ ಪಿಂಕ್ನಿ, ಗಿಟಾರಿನವರು ಮೂವರು, ಪಿಯಾನೋಗೆ ಒಬ್ಬ. ಕಾಪರ್ ಕೈಟ್ಸ್‌ನ ಒಬ್ಬ ಹುಡುಗನೂ ಇಲ್ಲ. ಅವರು ಟೆಕ್ಸಾಸಿನಲ್ಲಿ ಬಸ್ಸಿನಲ್ಲಿದ್ದರು. ಕೈಗೆ ಕೊಟ್ಟ ಹಾಳೆಯಲ್ಲಿ ಸ್ವರಗಳಿಲ್ಲ, ಬರೀ ಸ್ವರಗುಚ್ಛಗಳ ಹೆಸರು, ಮೊದಲೆರಡು ಸಾಲು ಖಾಲಿ. ಗಾಜಿನ ಆಚೆಯಿಂದ ನಿರ್ಮಾಪಕ ಹೇಳಿದ: "ಇಲ್ಲಿ ಏನಾದ್ರೂ ಬೇಕು. ಕಾರಲ್ಲಿ ಹೋಗ್ತಿರೋ ಹುಡುಗ ರೇಡಿಯೋ ತಿರುಗಿಸೋ ಕೈನ ಹಿಂದಕ್ಕೆ ತಗೋಬೇಕು, ಅಂಥದ್ದು." ಗಿಟಾರಿನವರು ಏನೇನೋ ಮಾಡಿದರು. ನಾನು ತಮಾಷೆಗೆ ಅಪ್ಪನ ಮೆಟ್ಟಿಲಿಳಿತ ನುಡಿಸಿದೆ. ಆರ್ಲೊ "ಯಾವನೋ ಮದುವೆ ಗಂಡು ಬಂದ ನೋಡ್ರಪ್ಪಾ" ಎಂದು ನಕ್ಕ. ನಿರ್ಮಾಪಕ ನಗಲಿಲ್ಲ. "ಏನದು? ಇನ್ನೊಂದ್ಸಲ ಬರಲಿ. ಜೋರಾಗಿ" ಎಂದ. ಊಟದ ಹೊತ್ತಿಗೆ ಆ ಹಾಡೂ ಮುಗಿದಿತ್ತು, ಇನ್ನೂ ಎರಡು ಮುಗಿದಿದ್ದವು. ಹುಡುಗರು ವಾರ ಬಿಟ್ಟು ಬಂದು ನಮ್ಮ ಟೇಪಿನ ಮೇಲೆ ದನಿ ಮಾತ್ರ ಹಾಕಿ ಹೋದರು.

ಅದು ಮೋಸ ಎಂದು ನೀನು ಬೈಯುತ್ತೀಯ, ಗೊತ್ತು. ಆದರೆ ಕಂಪನಿಯ ಕಡೆಯಿಂದಲೂ ನೋಡು. ಸ್ಟುಡಿಯೋದ ಬಾಡಿಗೆ ಗಂಟೆ ಲೆಕ್ಕ. ನಮ್ಮಂಥವರು ಮೂರು ಗಂಟೆಯೊಳಗೆ ಮೂರು ನಾಲ್ಕು ಹಾಡು ತೆಗೆದುಕೊಡುತ್ತೇವೆ. ಹಾಳೆ ಕಂಡ ತಕ್ಷಣ ನುಡಿಸುತ್ತೇವೆ, ತಪ್ಪುವುದಿಲ್ಲ, ಕುಡಿದು ಬರುವುದಿಲ್ಲ. ಆ ಹುಡುಗರು ಕೆಟ್ಟ ಕೈಗಳೇನಲ್ಲ, ಆದರೆ ಒಂದೇ ಹಾಡಿಗೆ ಅವರಿಗೆ ಒಂದು ವಾರ ಬೇಕು. ಆ ವಾರ ಅವರು ಬಸ್ಸಿನಲ್ಲಿ, ಟೀವಿಯಲ್ಲಿ, ಪತ್ರಿಕೆಯ ಫೋಟೋದಲ್ಲಿ ಇರಬೇಕು. ಮೂರು ತಿಂಗಳಿಗೊಂದು ಹೊಸ ರೆಕಾರ್ಡೂ ಬರಬೇಕು. ಇನ್ನು ಹೆಸರು. ಜಾಝ್ ರೆಕಾರ್ಡಿನ ಹಿಂದೆ ನುಡಿಸಿದವರೆಲ್ಲರ ಹೆಸರೂ ಹಾಕುತ್ತಾರೆ, ಅದನ್ನು ಕೊಳ್ಳುವವರು ಅದಕ್ಕೇ ಕೊಳ್ಳುತ್ತಾರೆ. ಇಲ್ಲಿ ಮಾರುವುದೇ ಬೇರೆ: ಒಂದೇ ಬೀದಿಯ ಐವರು ಗೆಳೆಯರು, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕಲಿತವರು, ನಿಮ್ಮ ಪಕ್ಕದ್ಮನೆ ಹುಡುಗರು. ಅದರ ಕೆಳಗೆ ನಲವತ್ಮೂರು ವರ್ಷದ ರೂಡಿ ಹಾವೆಲ್ಕಾ ಎಂದು ಬರೆದರೆ ಜೋನಿಯಂಥವರು ಗೋಡೆಯ ಮೇಲೆ ನನ್ನ ಚಿತ್ರ ಅಂಟಿಸುತ್ತಾರೆಯೇ? ಇನ್ನೊಂದು ಗುಟ್ಟೂ ಇದೆ. ಬೆಳಿಗ್ಗೆ ಈ ಕಂಪನಿಗೆ ನುಡಿಸಿದ ನಾವೇ ಮಧ್ಯಾಹ್ನ ಅದರ ಎದುರಾಳಿ ಕಂಪನಿಗೂ ನುಡಿಸುತ್ತೇವೆ. ಹೆಸರು ಹಾಕುತ್ತ ಹೋದರೆ ಒಂದಕ್ಕೊಂದು ಪೈಪೋಟಿ ಎಂದು ಜನ ನಂಬಿರುವ ಅರ್ಧ ಡಜನ್ ತಂಡಗಳ ಹಿಂದೆ ಇದೇ ಏಳೆಂಟು ಮಂದಿ ಇದ್ದೇವೆಂದು ಊರಿಗೆಲ್ಲ ಗೊತ್ತಾಗುತ್ತದೆ.

ನಾವು ಬಾಯಿ ಮುಚ್ಚಿಕೊಂಡಿರುವುದೂ ಭಯಕ್ಕೆ ಮಾತ್ರ ಅಲ್ಲ. ಬಾಯಿಬಡುಕನಿಗೆ ಫೋನ್ ಬರುವುದು ನಿಂತುಹೋಗುತ್ತದೆ, ಅದು ನಿಜ. ಆದರೆ ನನಗೆ ಈ ಎಲೆಮರೆಯ ಕಾಯಿಯ ಬಾಳು ಹಿಡಿಸಿದೆ. ವಾದ್ಯಗಾರರ ಸಂಘದ ದರದಲ್ಲಿ ಒಂದು ಸಲದ ಕೂಲಿ ಬರುತ್ತದೆ. ಆಮೇಲೆ ಹಾಡು ಲಕ್ಷ ಮಾರಿದರೂ ಹತ್ತು ಲಕ್ಷ ಮಾರಿದರೂ ನನಗೆ ಸಂಬಂಧವಿಲ್ಲ. ಆದರೂ ಬಸ್ಸಿನಲ್ಲಿ ಮಲಗದೆ ದಿನಾ ಸಂಜೆ ಮನೆಗೆ ಬಂದು ಊಟ ಮಾಡುತ್ತೇನೆ. ಅಪ್ಪನಿಗೆ ಸಂಗೀತದಿಂದ ಹೊಟ್ಟೆ ತುಂಬಲಿಲ್ಲ, ನನಗೆ ತುಂಬುತ್ತಿದೆ. ನಾನು ಚೆನ್ನಾಗಿ ನುಡಿಸುತ್ತೇನೆ ಎಂಬುದು ನನಗೆ ಗೊತ್ತು, ಕರೆಯುವವರಿಗೂ ಗೊತ್ತು.

ಈಗ ಟೆರಿ ಕಾಲ್ಡರ್ ವಿಷಯ. ಕವರಿನ ಮೇಲೆ ಬೇಸ್ ಗಿಟಾರ್ ಹಿಡಿದು ನಿಂತಿರುವ, ಗಲ್ಲದಲ್ಲಿ ಗುಳಿ ಬೀಳುವ ಹುಡುಗ ಅವನೇ. ಟೀವಿಯಲ್ಲಿ ರೆಕಾರ್ಡು ಹಾಕಿ ತುಟಿಯಾಡಿಸಿದರೆ ಸಾಕು, ಗಿಟಾರಿಗೆ ಕರೆಂಟಿನ ತಂತಿಯ ಸಂಪರ್ಕವೂ ಬೇಕಿಲ್ಲ. ಊರೂರಿನ ವೇದಿಕೆಯ ಮೇಲೆ ಅದು ನಡೆಯುವುದಿಲ್ಲ. ಹುಡುಗಿಯರ ಕಿರುಚಾಟದಲ್ಲಿ ಏನೂ ಕೇಳುವುದಿಲ್ಲವಾದರೂ ಹಾಡಿನ ಶುರುವಿನಲ್ಲಿ ಬೇಸ್ ಒಂದೇ ಇರುವುದರಿಂದ ಆ ಒಂದು ಗಳಿಗೆ ಎಲ್ಲರಿಗೂ ಕೇಳುತ್ತದೆ. ಸ್ಯಾನ್ ಡಿಯಾಗೊದಲ್ಲಿ ಅವನು ಅಲ್ಲೇ ಮುಗ್ಗರಿಸಿದ. ನಿರ್ಮಾಪಕ ಅವನನ್ನು ಗುಟ್ಟಾಗಿ ನನ್ನ ಹತ್ತಿರ ಕಳಿಸಿದ. ತನ್ನದೇ ರೆಕಾರ್ಡು ಕಲಿಯಲು ಆ ಹುಡುಗ ಭಾನುವಾರ ಭಾನುವಾರ ನಮ್ಮ ಹಿತ್ತಲ ಬಾಗಿಲಿಂದ ಬರತೊಡಗಿದ. ಜೋನಿಯನ್ನು ಆ ಹೊತ್ತಿಗೆ ಈಜಲು ಅಟ್ಟುತ್ತಿದ್ದೆವು. ಇಲ್ಲದಿದ್ದರೆ ಅಡುಗೆಮನೆಯಲ್ಲೇ ಎಚ್ಚರ ತಪ್ಪಿ ಬೀಳುತ್ತಿದ್ದಳು.

ಬೆರಳು ಅವನದು ಒಳ್ಳೆಯದೇ. ಆದರೆ ತಂತಿಗಳೆಲ್ಲ ಗುಂಯ್ ಎಂದು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ನಾನು ಗಿಟಾರಿನ ಕೊನೆಯಲ್ಲಿ ತಂತಿಗಳ ಕೆಳಗೆ ಒಂದು ತುಂಡು ದಪ್ಪ ಉಣ್ಣೆಬಟ್ಟೆ ತುರುಕಿ, ಕೈಗೆ ತಂತಿ ಮೀಟುವ ಗಟ್ಟಿ ಬಿಲ್ಲೆ ಕೊಟ್ಟೆ. ಹೆಬ್ಬೆರಳಲ್ಲಿ ಮೀಟುತ್ತಿದ್ದವನು ಬಿಲ್ಲೆಯಲ್ಲಿ ಮೀಟಿದ, ಠಕ್ ಠಕ್ ಎಂದು ಒಂದೊಂದು ಪೆಟ್ಟೂ ಬೇರೆ ಬೇರೆ ಬಿತ್ತು. ಅವನು "ಅಯ್ಯೋ, ಇಷ್ಟೇನಾ? ನನ್ನ ಕೈನೇ ಕೆಟ್ಟದ್ದು ಅಂದ್ಕೊಂಡಿದ್ದೆ ಸಾರ್" ಎಂದು ನಗುತ್ತ ಕಣ್ಣೊರೆಸಿಕೊಂಡ. ಆಮೇಲೆ ತಲೆ ತಗ್ಗಿಸಿ ಹೇಳಿದ: "ನಮ್ಮಮ್ಮ ಫ್ರೆಸ್ನೋದಲ್ಲಿ ಸಿಕ್ಕಿದವರಿಗೆಲ್ಲ ಆ ರೆಕಾರ್ಡ್ ಹಾಕಿ ಕೇಳಿಸ್ತಾಳೆ. ನಾನಲ್ಲ ಅಂತ ಹೇಳೋಕೆ ಬಾಯೇ ಬರಲಿಲ್ಲ." ಹಣ್ಣಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ನಿಂತು ದುಡಿದು ಅವನಿಗೆ ಮೊದಲ ಗಿಟಾರ್ ಕೊಡಿಸಿದವಳಂತೆ ಅವಳು. ನನಗೆ ಆ ಹುಡುಗನ ಮೇಲೆ ಪ್ರೀತಿ ಬಂದುಬಿಟ್ಟಿತು, ಅಮ್ಮಾ. ನಿನ್ನ ಪತ್ರ, ಹ್ರೂಬಿಯ ಗೇಲಿ ಎಲ್ಲ ಅವನಿಗೆ ಓದಿ ಹೇಳಿದೆ. ಹೇಳಬಾರದಿತ್ತೋ ಏನೋ. ಅವನು ನಗಲಿಲ್ಲ.

ಸೆಪ್ಟೆಂಬರ್ ಮೊದಲ ಶನಿವಾರ ನಿಮ್ಮೂರ ಹತ್ತಿರದ ಲಿಂಕನ್‌ನಲ್ಲಿ ರಾಜ್ಯ ಮೇಳದ ವೇದಿಕೆಯ ಮೇಲೆ ಅವರ ಹಾಡು. ಮರುದಿನ ಪೂಜೆ ಮುಗಿಯುವ ಹೊತ್ತಿಗೆ ಟೆರಿ ನಿನ್ನ ಮನೆಗೆ ಊಟಕ್ಕೆ ಬರುತ್ತಾನೆ. ಹಂದಿಮಾಂಸ, ಕಡುಬು, ಹುಳಿ ಕೋಸು ಮಾಡು. ಅವನು ಬಸ್ಸಿನಲ್ಲಿ ಹಾಟ್‌ಡಾಗ್ ತಿಂದು ತಿಂದು ಕಡ್ಡಿಯಾಗಿದ್ದಾನೆ. ಹೊಸ ಹಲ್ಲು ಹಾಕಿಕೊಂಡು ಅವನೊಡನೆ ಕೂತು ನೀನೂ ಉಣ್ಣಬೇಕು.

ಫಾದರ್‌ಗೂ, ಪಕ್ಕದ ಮನೆಯ ಅತ್ತೆಗೂ ನನ್ನ ನಮಸ್ಕಾರ ಹೇಳು. ಅಪ್ಪನ ಸಮಾಧಿಗೆ ಹೋದಾಗ ನನ್ನ ಲೆಕ್ಕದಲ್ಲೂ ಎರಡು ಹೂವಿಡು. ನಿನ್ನ ಆಶೀರ್ವಾದ ನಮ್ಮ ಮೂವರ ಮೇಲಿರಲಿ.

ನಿನ್ನ ಮಗ,
ರೂಡಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಟೆರಿ ಫೋನ್ ಮಾಡಿದ. ಮೇಳ ನೋಡಲು ಅವನ ಅಮ್ಮನೂ ಫ್ರೆಸ್ನೋದಿಂದ ಬರುತ್ತಾಳಂತೆ, ನಿನ್ನ ಮನೆಗೂ ಬರುತ್ತಾಳೆ. ಊಟವಾದ ಮೇಲೆ ಹ್ರೂಬಿಯನ್ನು ಕರೆದು ಅವನೆದುರು, ತನ್ನ ಅಮ್ಮನ ಎದುರು, "ಅದು ನಾನಲ್ಲ, ಈಯಮ್ಮನ ಮಗ" ಎಂದು ಹೇಳಿಯೇ ತೀರುತ್ತಾನಂತೆ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ನಿಮ್ಮಮ್ಮ ಯಾಕೆ ಸುಳ್ಳುಗಾತಿ ಅನ್ನಿಸ್ಕೋಬೇಕು ಸಾರ್" ಎಂದು ಫೋನ್ ಇಟ್ಟ. ಮಾತು ಹೊರಬಿದ್ದರೆ ಅವನ ಕೆಲಸ ಹೋಗುತ್ತದೆ, ನನಗೂ ಫೋನ್ ಬರುವುದು ನಿಲ್ಲಬಹುದು, ಆದರೆ ನನ್ನ ಚಿಂತೆ ಅವನ ತಾಯಿಯದು, ಮಗನ ಕೈಯೆಂದು ಊರಿಗೆಲ್ಲ ಆ ರೆಕಾರ್ಡು ಕೇಳಿಸಿದವಳು ಅವಳು. ಟೆರಿಯನ್ನು ತಡೆಯುವುದು ನಿನ್ನಿಂದ ಮಾತ್ರ ಸಾಧ್ಯ. ಭಾನುವಾರದ ಮೊದಲೇ ಅಂಗಡಿಗೆ ಹೋಗಿ "ನನಗೇ ಕಿವಿ ಮೋಸ ಮಾಡಿತು" ಎಂದು ಹ್ರೂಬಿಗೆ ಹೇಳಿಬಿಡು, ಅಮ್ಮಾ. ಆಮೇಲೆ ನಿನ್ನ ಮಾನ ಉಳಿಸಲೆಂದು ಟೆರಿ ಬಾಯಿ ಬಿಡಬೇಕಾದ ಅಗತ್ಯವೇ ಇರುವುದಿಲ್ಲ. ನಿನ್ನ ಬಾಯಲ್ಲಿ ಆ ಮಾತು ಬರುವುದು ಎಷ್ಟು ಕಷ್ಟ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಶನಿವಾರ ಮೇಳದ ವೇದಿಕೆಯ ಮೇಲೆ ನಿಜಕ್ಕೂ ನುಡಿಸುವವನು ಟೆರಿಯೇ. ನೀನೂ ಹೋಗಿ ಕೇಳು. ಮರುದಿನ ಊಟದ ಮೇಜಿನಲ್ಲಿ ಅವನ ಅಮ್ಮ "ನನ್ನ ಮಗ ನುಡಿಸಿದ್ದು ಕೇಳಿದ್ರಾ?" ಎಂದರೆ, ಅವನು ಬಾಯಿ ತೆರೆಯುವ ಮೊದಲೇ ನೀನು "ಕೇಳಿದೆ ಕಣಮ್ಮ, ಏನ್ ಚೆನ್ನಾಗಿ ನುಡಿಸಿದ ನಿಮ್ಮ ಹುಡುಗ" ಎನ್ನು.